ನಿಪ್ಪಾಣಿಯ ಮೂಗು, ಎರಡು ಹಾಲುಬಲ್ಬು

ಒಂದು ಗಲ್ಲ ನುಣ್ಣಗೆ, ಇನ್ನೊಂದು ಗಲ್ಲಕ್ಕೆ ಸೋಪಿನ ನೊರೆ, ಕೊರಳಲ್ಲಿ ಸಲೂನಿನ ಟವೆಲ್ಲು. ತಂಬಾಕು ದಲ್ಲಾಳಿ ಭಾವುಸಾಹೇಬರು ಈ ವೇಷದಲ್ಲಿ ನಿಪ್ಪಾಣಿಯ ಪೇಟೆಯ ನಡುವೆ ಹಾದುಹೋದದ್ದನ್ನು ಸಂತೆಗೆ ಬಂದವರೆಲ್ಲ ನೋಡಿದರು. ಬಳೆ ಅಂಗಡಿಯವನು ಬಳೆ ಇಡಿಸುವುದನ್ನು ಬಿಟ್ಟು ನಿಂತ. ಭಾವುಸಾಹೇಬರು ಯಾರ ಕಡೆಗೂ ತಿರುಗದೆ ನೆಟ್ಟಗೆ ಬಸ್‌ಸ್ಟ್ಯಾಂಡಿನ ಎದುರಿನ ಹೊಸ ಸಲೂನಿಗೆ ಹೋಗಿ ಕೂತು, ಉಳಿದರ್ಧವನ್ನು ಅಲ್ಲಿ ಮಾಡಿಸಿಕೊಂಡರು.

ಆ ಟವೆಲ್ಲು ಭೀಮಸಿಯದು. ಮೊದಲಿನ ಅರ್ಧ ದಾಡಿಯೂ ಅವನದೇ ಕೆಲಸ. ಗೋದಾಮುಗಳ ಹಿಂದಿನ ಓಣಿಯಲ್ಲಿದ್ದ ತನ್ನ ಅಂಗಡಿಯ ಬಾಗಿಲಲ್ಲಿ, ಕೈಯಲ್ಲಿ ಕತ್ತಿ ಹಿಡಿದುಕೊಂಡೇ, ಅವನು ಗಿರಾಕಿಯ ಬೆನ್ನನ್ನು ನೋಡುತ್ತ ನಿಂತಿದ್ದ. ಒಳಗೆ ಟೇಪ್‌ರೆಕಾರ್ಡರು ಇನ್ನೂ ಬಡಿದುಕೊಳ್ಳುತ್ತಿತ್ತು.

ಭೀಮಸಿ ಭೋಜದವನು. ಅವನಪ್ಪ ಆ ಊರಿನ ಆಯದ ಕ್ಷೌರಿಕ. ವರ್ಷವಿಡೀ ಮನೆಮನೆಗೆ ಹೋಗಿ ತಲೆ, ದಾಡಿ ಮಾಡಬೇಕು, ಸುಗ್ಗಿಯಲ್ಲಿ ಕೊಟ್ಟಷ್ಟು ಜೋಳ ಧೋತರದ ಸೆರಗೊಡ್ಡಿ ಇಸಿದುಕೊಳ್ಳಬೇಕು, ಅದಕ್ಕೆ ಆಯ ಎನ್ನುತ್ತಿದ್ದರು. ಪಾಟೀಲರು ಕಟ್ಟೆಯ ಮೇಲೆ, ಅಪ್ಪ ಕೆಳಗೆ ಕುಕ್ಕರಗಾಲಲ್ಲಿ. ಬಿಸಿಲು ಸರಿದಂತೆ ಪಾಟೀಲರು ನೆರಳಿಗೆ ಸರಿಯುತ್ತಿದ್ದರು, ಅಪ್ಪ ಬಿಸಿಲಲ್ಲೇ ಅವರ ಸುತ್ತ ತೆವಳುತ್ತಿದ್ದ. ಇಂಥ ಅಪ್ಪನೂ ಒಂದು ಕೇರಿಯವರ ತಲೆ ಮುಟ್ಟುತ್ತಿರಲಿಲ್ಲ. ಹೊಲಗೇರಿಯವರು ಬಂದರೆ ಕಟ್ಟೆಯ ಮೇಲಿನವರಿಗಿಂತ ಮೊದಲು ಅವನೇ ಬೈದು ಅಟ್ಟುತ್ತಿದ್ದ. ತುಳಿಸಿಕೊಂಡವನಿಗೂ ತುಳಿಯಲು ಒಬ್ಬ ಬೇಕಾಗಿತ್ತು.

ಎಂಬತ್ತರ ದಶಕದ ಮೊದಲಲ್ಲಿ ತಂಬಾಕು ರೈತರು ಹೆದ್ದಾರಿಯ ಮೇಲೆ ಠಿಕಾಣಿ ಹೂಡಿದಾಗ ಭೀಮಸಿ ಕ್ಷೌರದ ಪೆಟ್ಟಿಗೆ ಹಿಡಿದು ಅಲ್ಲಿಗೆ ಹೋದ. ಅಷ್ಟು ಗಂಡಸರು ರಸ್ತೆ ಮೇಲೆ ಮಲಗಿ ಏಳುತ್ತಿದ್ದಾರೆಂದರೆ ಅಷ್ಟು ಗಡ್ಡ ಬೆಳೆಯುತ್ತವೆ ಎಂಬುದಷ್ಟೇ ಅವನ ಲೆಕ್ಕ. ಅವನೇನೂ ಘೋಷಣೆ ಕೂಗಲು ಹೋದವನಲ್ಲ. ಆದರೆ ಅಲ್ಲಿ ಕಂಡದ್ದು ಬೇರೆ. ಹೊಲದ ಒಡೆಯ, ಹೊಲದ ಆಳು, ಜೈನರು, ಧನಗರರು, ಹೊಲಗೇರಿಯವರು, ಎಲ್ಲರೂ ಒಂದೇ ಡಾಂಬರಿನ ಮೇಲೆ ಕೂತು ಪಾಳಿಗೆ ಕಾಯುತ್ತಿದ್ದರು. ಮುಂಡಾಸು ಬಿಚ್ಚಿ ತಲೆಯೊಡ್ಡಿದ ಭೋಜದ ಹೊಲಗೇರಿಯ ಧೂಳಪ್ಪನ ಕೂದಲನ್ನು ಅವನು ಮೊದಲ ಸಲ ಮುಟ್ಟಿದ್ದು ಅಲ್ಲಿಯೇ. ಕೂದಲು ಕೂದಲಿನಂತೆಯೇ ಇತ್ತು. ಚಳವಳಿ ಮುಗಿಯಿತು, ಭೀಮಸಿ ಭೋಜಕ್ಕೆ ತಿರುಗಿ ಹೋಗಲಿಲ್ಲ. ನಿಪ್ಪಾಣಿಯಲ್ಲೇ ಅಂಗಡಿ ಹಿಡಿದ. ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೆ ಒಂದು ಬಾಂಕು. ಧೂಳಪ್ಪ ಗೋದಾಮಿನಲ್ಲಿ ಹಮಾಲನಾಗಿ ಸೇರಿ, ಅವನ ಕಾಯಂ ಗಿರಾಕಿಯಾದ.

ಹಲವು ವರ್ಷ ಅಂಗಡಿ ತಕರಾರಿಲ್ಲದೆ ನಡೆಯಿತು. ಆಮೇಲೆ ಮುಂಬಯಿಯಲ್ಲಿ ಕೆಲಸ ಕಲಿತು ಬಂದ ಅಣ್ಣಾಸಾಬ ಬಸ್‌ಸ್ಟ್ಯಾಂಡಿನ ಎದುರು ಹೊಸ ಸಲೂನು ತೆಗೆದ. ಗಾಜಿನ ಬಾಗಿಲು, ತಿರುಗುವ ಕುರ್ಚಿ, ಡೆಕ್ಕು, ಗೋಡೆಯುದ್ದದ ಕನ್ನಡಿ. ಜನ ಮೊದಲು ನೋಡಲು ಹೋದರು, ಆಮೇಲೆ ಕೂರಲು ಹೋದರು. ಭೀಮಸಿಯ ಬಾಂಕಿನ ಮೇಲೆ ಮಧ್ಯಾಹ್ನದ ಹೊತ್ತು ನಾಯಿ ಮಲಗತೊಡಗಿತು.

ಸುದ್ದಿ ಭೋಜಕ್ಕೆ ಮುಟ್ಟಿತು. ಅಪ್ಪ ತೀರಿಕೊಂಡ ಮೇಲೆ ಊರ ಆಯವನ್ನು ಒಬ್ಬನೇ ಎಳೆಯುತ್ತಿದ್ದ ಅಣ್ಣ ದುರಗಪ್ಪ ಒಂದು ದಿನ ಬಂದು ಬಾಗಿಲಲ್ಲೇ ನಿಂತ. ಒಳಗೆ ಕೂರು ಎಂದರೆ ಕೂರಲಿಲ್ಲ. ಪಾಟೀಲರು ನಿನ್ನನ್ನು ಕೇಳುತ್ತಿದ್ದಾರೆ, ಅರ್ಧ ಊರು ನೀನು ನೋಡಿಕೋ, ಅರ್ಧ ನಾನು ನೋಡಿಕೊಳ್ಳುತ್ತೇನೆ ಎಂದ.

"ದೀಪಾವಳಿತನಾ ನೋಡ್ತೀನಿ," ಅಂದ ದುರಗಪ್ಪ. "ನಡೀಲಿಲ್ಲಂದ್ರ ಚಾವಿ ಮಾಲಕಗ ಕೊಟ್ಟು ಪೆಟ್ಟಿಗಿ ತಗೊಂಡು ಬಾ. ಹೊಟ್ಟಿಗೆ ಮಾನಾ ಮರ್ಯಾದಿ ತಿನಿಸಾಕ ಆಗೂದಿಲ್ಲ ತಮ್ಮಾ."

ಭೀಮಸಿ ಅಣ್ಣನ ಮೊಣಕಾಲು ನೋಡಿದ. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಆ ಮೊಣಕಾಲುಗಳು ಗಂಟುಬಿದ್ದು, ನಿಂತಾಗಲೂ ನೆಟ್ಟಗಾಗುತ್ತಿರಲಿಲ್ಲ.

ಮರುದಿನವೇ ಅವನು ಅಣ್ಣಾಸಾಬನ ಸಲೂನಿನ ಎದುರು ಚಹಾದಂಗಡಿಯಲ್ಲಿ ಕೂತು ಒಳಗೆ ಇಣುಕಿದ. ಕಂಡದ್ದು ಬೆಳಕು, ಕೇಳಿದ್ದು ಹಾಡು, ಬಾಗಿಲು ತೆಗೆದಾಗಲೆಲ್ಲ ತೇಲಿಬಂದದ್ದು ಏನೋ ಒಂದು ವಾಸನೆ. ಅದು ಅವನ ಮೂಗಿಗೆ ಸರಿಯಾಗಿ ಸಿಗಲಿಲ್ಲ. ಮೂರನ್ನೂ ನಾನೂ ತರುತ್ತೇನೆ, ಅವನಿಗಿಂತ ಹೆಚ್ಚು ತರುತ್ತೇನೆ ಎಂದು ನಿಶ್ಚಯಿಸಿದ. ಎಡವಿದ್ದು ಆ 'ಹೆಚ್ಚು' ಎಂಬಲ್ಲಿ.

ಗಣಪತಿ ಮಂಟಪಕ್ಕೆ ಕಟ್ಟುವ ಬಣ್ಣದ ಸಣ್ಣ ಬಲ್ಬುಗಳ ಸರ ತಂದು ಕನ್ನಡಿಯ ಸುತ್ತ ಸುತ್ತಿದ. ಟ್ಯೂಬ್‌ಲೈಟ್ ನೆತ್ತಿಯ ಮೇಲೆ ಇದ್ದೇ ಇತ್ತು, ಅದನ್ನು ಆರಿಸಿ ಕೆಂಪು ಜೀರೋ ಬಲ್ಬು ಹಾಕಿದ. ಕೊಲ್ಲಾಪುರದಿಂದ ಟೇಪ್‌ರೆಕಾರ್ಡರು ತರಿಸಿ, ಓಣಿಯ ಆ ತುದಿಗೂ ಕೇಳುವ ಹಾಗೆ ಕುಣಿತದ ಹಾಡು ಹಚ್ಚಿದ. ಊದಿನಕಡ್ಡಿ ಹಚ್ಚಿದ. ಮೂಸಿ ನೋಡಿದರೆ ಏನೂ ಬರಲೊಲ್ಲದು. ಇನ್ನೆರಡು ಹಚ್ಚಿದ. ಅದರ ಮೇಲೆ ಗುಲಾಬಿ ಅತ್ತರು ತಂದು ಪರದೆಗೆ, ಟವೆಲ್ಲಿಗೆ, ಕುರ್ಚಿಯ ಹಿಂಬದಿಗೆ ಹಚ್ಚಿದ. ತನ್ನ ಮೂಗಿಗೆ ಘಮ್ಮೆನ್ನುವವರೆಗೆ ಹಚ್ಚುತ್ತಲೇ ಹೋದ.

ಇಲ್ಲಿ ಆ ಮೂಗಿನ ಸಂಗತಿ ಹೇಳಬೇಕು. ಅಂಗಡಿಯ ಎರಡೂ ಬದಿಗೆ ತಂಬಾಕಿನ ಗೋದಾಮು. ಮನೆಯಲ್ಲಿ ಹೆಂಡತಿ ಸುಂದ್ರವ್ವ ಬೀಡಿ ಕಟ್ಟುತ್ತಾಳೆ. ಸಾಲದ್ದಕ್ಕೆ ಭೀಮಸಿಗೆ ತಪಕೀರಿನ ಚಟ, ದಾಡಿಗೊಂದು ಚಿಟಿಕೆ ನಶ್ಯ ಮೂಗಿಗೇರಬೇಕು. ಹೊರ ಊರಿನವರು ಬಸ್ಸಿಳಿದ ಕೂಡಲೆ ಸೀನುವ ಗಾಳಿಯಲ್ಲಿ ಅವನು ಉಂಡು ಮಲಗುತ್ತಿದ್ದ. ಅವನ ಮೂಗು ಮುಖದ ಮೇಲಿತ್ತು, ಕೆಲಸದಲ್ಲಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಬೆಳಕಿನಿಂದ. ಕೆಂಪು ಬೆಳಕಲ್ಲಿ ಬಿಳಿ ನೊರೆಯೂ ಕೆಂಪು, ಚರ್ಮವೂ ಕೆಂಪು, ಗಾಯದ ರಕ್ತ ಮಾತ್ರ ಕಾಣದು. ಒಬ್ಬ ಗಿರಾಕಿಯ ಗದ್ದಕ್ಕೆ ಕತ್ತಿ ತಾಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ, ಮನೆಗೆ ಹೋದ ಮೇಲೆ ಅಂಗಿಯ ಕಾಲರು ನೋಡಿ ಅವನ ಹೆಂಡತಿ ಕೂಗಿಕೊಂಡಳಂತೆ. ಅವನು ಮತ್ತೆ ಬರಲಿಲ್ಲ. ಎರಡನೆಯ ಪೆಟ್ಟು ಹಾಡಿನಿಂದ. ತಾಳ ಜೋರಾದಂತೆ ಕುರ್ಚಿಯಲ್ಲಿದ್ದವನ ಕಾಲು ಕುಣಿಯುತ್ತಿತ್ತು, ಕಾಲಿನೊಂದಿಗೆ ತಲೆ, ತಲೆಯೊಂದಿಗೆ ಭೀಮಸಿಯ ಕೈ. ಕಾಯುತ್ತಿದ್ದವರು ಹಾಡಿಗಿಂತ ಎತ್ತರದ ದನಿಯಲ್ಲಿ ಮಾತಾಡುತ್ತಿದ್ದರು. ಅವರ ಮಾತು ಕೇಳಿಸಬಾರದೆಂದು ಇವನು ಹಾಡನ್ನು ಇನ್ನಷ್ಟು ಏರಿಸುತ್ತಿದ್ದ.

ಭಾವುಸಾಹೇಬರ ಪ್ರಸಂಗ ನಡೆದದ್ದು ಆ ಗದ್ದಲದಲ್ಲೇ. ಮರಾಠಿ ಹಾಡು ನಡೆದಿತ್ತು. ಬಾಂಕಿನ ಮೇಲಿದ್ದ ಚಿಕ್ಕೋಡಿ ಕಡೆಯ ಬಸ್ ಕಂಡಕ್ಟರ್ ಒಂದು ಕನ್ನಡ ಹಾಡು ಹಾಕು ಎಂದ. ಭೀಮಸಿ ಒಂದು ಕೈಯಲ್ಲಿ ನೊರೆ ಇರುವಾಗಲೇ ಕ್ಯಾಸೆಟ್ ಬದಲಿಸಿದ. ಭಾವುಸಾಹೇಬರು ಕುರ್ಚಿಯಲ್ಲೇ ಹೊರಳಿ, ಕುರ್ಚಿಯಲ್ಲಿ ಕೂತವನ ಹಾಡು ಮೊದಲು ಎಂದರು. ಕಂಡಕ್ಟರ್ ಊರು ಯಾವ ರಾಜ್ಯದ್ದು ಎಂದು ಕೇಳಿದ. ಅಲ್ಲಿಂದ ಗಡಿಯ ಮಾತು ಬಂತು. ಈ ಸೀಮೆಯಲ್ಲಿ ಗಡಿಯ ಮಾತು ಬಂದರೆ ಒಬ್ಬನಾದರೂ ಎದ್ದು ಹೋಗಲೇಬೇಕು. ಭಾವುಸಾಹೇಬರು ಎದ್ದು ಹೋದರು. ಎರಡೂ ಭಾಷೆ ನೀರು ಕುಡಿದಂತೆ ಆಡುವ ಮನುಷ್ಯ, ಮನೆಯಲ್ಲಿ ಹೆಂಡತಿಗೆ ಕನ್ನಡದಲ್ಲಿ ಬೈಯುವವರು, ಒಂದು ಹಾಡಿಗಾಗಿ ಅರ್ಧ ದಾಡಿಯಲ್ಲಿ ಪೇಟೆ ದಾಟಿದರು.

ರಾತ್ರಿ ಊಟಕ್ಕೆ ಕೂತಾಗ ಸುಂದ್ರವ್ವ ಬೀಡಿ ಎಲೆ ಕತ್ತರಿಸುತ್ತಲೇ ಅಂದಳು, "ಟವೆಲ್ಲರೆ ಇಸಗೊಂಡು ಬರಬೇಕಿತ್ತಿಲ್ರಿ. ಹೊಸಾದಿತ್ತು."

ಭೀಮಸಿ ಮರುದಿನ ಬಣ್ಣದ ಸರ, ಕೆಂಪು ಬಲ್ಬು ಬಿಚ್ಚಿಟ್ಟ, ಟೇಪು ಬಂದ್ ಮಾಡಿದ. ಹಾಡು, ಬೆಳಕು ಎರಡೂ ತಪ್ಪೆಂದು ಅವನಿಗೆ ತಿಳಿದಿತ್ತು. ವಾಸನೆಯ ಮೇಲೆ ಮಾತ್ರ ಸಂಶಯ ಬಂದಿರಲಿಲ್ಲ. ಅದನ್ನು ತಿಳಿಸಿದವರು ಸದಲಗಾದ ಕಾಕಾಸಾಹೇಬರು.

ಕಾಕಾಸಾಹೇಬರು ಎಮ್ಮೆ ಕಟ್ಟಿದವರು, ಸುತ್ತಲಿನ ಮನೆಗಳ ಹಾಲು ಕೂಡಿಸಿ ಡೇರಿಗೆ ಹಾಕುವವರು. ವಾರಕ್ಕೊಮ್ಮೆ ನಿಪ್ಪಾಣಿಗೆ ಬಂದಾಗ ಭೀಮಸಿಯಲ್ಲೇ ದಾಡಿ ಮಾಡಿಸುತ್ತಿದ್ದವರು ತಿಂಗಳಿಂದ ಕಾಣೆಯಾಗಿದ್ದರು. ಹಿಂಡಿಯ ಅಂಗಡಿಯ ಮುಂದೆ ಸಿಕ್ಕಾಗ ಭೀಮಸಿ ಅಡ್ಡಗಟ್ಟಿ, ಅಣ್ಣಾಸಾಬನ ಕಡೆ ಹೋಗುತ್ತೀರಾ ಎಂದು ನೇರವಾಗಿ ಕೇಳಿದ. ಅವರು ಮುಖದ ಮೇಲಿನ ತಿಂಗಳ ಗಡ್ಡ ತೋರಿಸಿದರು.

"ಎಲ್ಲೂ ಹೋಗಿಲ್ಲೋ ಮಾರಾಯಾ. ನಿನ್ನ ಅಂಗಡ್ಯಾಗ ಕುಂತು ಎದ್ದು ಹೋದ ದಿನ ಹಾಲಿನ ಕ್ಯಾನು ಮೂಸಿದ್ರ ಎಲ್ಲಾ ಕ್ಯಾನೂ ಗುಲಾಬಿ ನಾರತಿದ್ದುವು. ಹುಳಿ ಬಂದಿದ್ದ ಹಾಲು ಗೊತ್ತಾಗ್ಲಿಲ್ಲ. ಚಲೋದ್ರಾಗ ಕೂಡಿಸಿಬಿಟ್ಟೆ. ಎಲ್ಲಾ ಹೋತು."

ಭೀಮಸಿಗೆ ನಂಬಿಕೆ ಬರಲಿಲ್ಲ. ಅಷ್ಟೇನೂ ಹಚ್ಚಿಲ್ಲವಲ್ಲ ಎಂದ.

"ನಿಂದು ನಿಪ್ಪಾಣಿ ಮೂಗು," ಅಂದರು ಕಾಕಾಸಾಹೇಬರು. "ಅದರ ಮ್ಯಾಲ ಭರೋಸಾ ಇಟ್ಟು ಅತ್ತರ ಹಚ್ಚಬ್ಯಾಡ. ಕುರುಡ ಬಣ್ಣಾ ಬಳದಂಗ ಆಕ್ಕೈತಿ."

ಈ ಮಾತು ಭೀಮಸಿಗೆ ನಾಟಿತು. ಬೇಸರವಾಗಲಿಲ್ಲ, ದಾರಿ ಸಿಕ್ಕಂತಾಯಿತು. ತನ್ನ ಮೂಗಿನಿಂದ ಆಗದಿದ್ದರೆ ನಿಮ್ಮ ಮೂಗು ಕೊಡಿ ಎಂದು ಅವರನ್ನು ಅಲ್ಲಿಂದಲೇ ಅಂಗಡಿಗೆ ಎಳೆದುಕೊಂಡು ಬಂದ. ಕಾಕಾಸಾಹೇಬರು ಬಾಗಿಲಲ್ಲಿ ನಿಂತು, ಕ್ಯಾನಿನ ಮುಚ್ಚಳ ತೆಗೆದಾಗ ಮೂಸುವಂತೆ ಒಂದೇ ಸಲ ಉಸಿರೆಳೆದು, ಒಂದೊಂದನ್ನೇ ಹೇಳಿದರು. ಅತ್ತರು. ಅದರ ಕೆಳಗೆ ಊದಿನಕಡ್ಡಿಯ ಹೊಗೆ. ಅದರ ಕೆಳಗೆ ಒಣಗದ ಟವೆಲ್ಲಿನ ಮುಗ್ಗು. ಅದರ ಕೆಳಗೆ ಮೂಲೆಯಲ್ಲಿ ಕೂಡಿಟ್ಟ ಕೂದಲು. ಎಲ್ಲದರ ಕೆಳಗೆ ತಂಬಾಕು. ನೀನು ವಾಸನೆ ತಂದಿಲ್ಲ, ವಾಸನೆಯ ಮೇಲೆ ವಾಸನೆ ಹೊಚ್ಚಿದ್ದೀಯ ಎಂದರು.

ಭೀಮಸಿ ಎಲ್ಲವನ್ನೂ ತೆಗೆದ. ಪರದೆ ಒಗೆದ. ಟವೆಲ್ಲುಗಳನ್ನು ಸೋಡಾ ಹಾಕಿ ಕುದಿಸಿ, ಬಿಸಿಲಲ್ಲಿ ಒಣಗಿಸತೊಡಗಿದ. ಒಬ್ಬರ ತಲೆಯಾದ ಕೂಡಲೆ ಕೂದಲು ಗುಡಿಸಿ ಮುಚ್ಚಳದ ಡಬ್ಬಿಗೆ ಹಾಕಿದ. ಗೋದಾಮಿನ ಬದಿಯ ಕಿಟಕಿಗೆ ಹಲಗೆ ಬಡಿದು, ಹಿತ್ತಿಲ ಕಿಟಕಿ ತೆರೆದ. ಇಷ್ಟಾದ ಮೇಲೆ ಅಂಗಡಿಗೆ ಬೇರೆ ಪರಿಮಳ ಬೇಕಾಗಿಯೇ ಇರಲಿಲ್ಲ ಎನ್ನಬಹುದು. ಆದರೂ ತಂಬಾಕಿನ ಘಾಟು ಗಾಳಿಯೊಂದಿಗೆ ನುಗ್ಗುತ್ತಿತ್ತು. ಅದಕ್ಕೆ ಸುಂದ್ರವ್ವ ತವರಿನ ನೆನಪಿನಿಂದ ವಾಳದ ಬೇರು ತಂದುಕೊಟ್ಟಳು. ಬೇಸಿಗೆಯಲ್ಲಿ ಕುಡಿಯುವ ನೀರಿನ ಗಡಿಗೆಗೆ ಹಾಕುತ್ತಾರಲ್ಲ, ಆ ಲಾವಂಚ. ಅದರ ಒಂದು ಹಿಡಿ ಹಿತ್ತಿಲ ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ ಮಳೆ ಬಿದ್ದ ಹೊಲದ ಬದುವಿನಂಥ ವಾಸನೆ, ಇದ್ದೂ ಇಲ್ಲದಷ್ಟು. ಎಷ್ಟು ಕಟ್ಟಬೇಕೆಂಬುದನ್ನು ಕಾಕಾಸಾಹೇಬರ ಮೂಗೇ ತೀರ್ಮಾನಿಸಿತು. ಅವರು ಎರಡು ಸಲ ಕಡಿಮೆ ಮಾಡಿಸಿದರು. ಭೀಮಸಿಯ ಮೂಗಿಗೆ ಏನೂ ಬರದಾಯಿತು. ಆಗ ಅವರು ಸರಿಯಾಯಿತು ಎಂದರು.

ಬೆಳಕನ್ನು ಅವನು ತಾನೇ ಹುಡುಕಿದ. ನೆತ್ತಿಯ ಮೇಲಿನ ಟ್ಯೂಬ್‌ಲೈಟು ಕಣ್ಣಿನ ಗುಳಿಗಳಿಗೂ ಗದ್ದದ ಕೆಳಗೂ ನೆರಳು ಚೆಲ್ಲುತ್ತಿತ್ತು. ಕನ್ನಡಿಯಲ್ಲಿ ಎಲ್ಲರೂ ಜ್ವರ ಬಿದ್ದು ಎದ್ದವರಂತೆ ಕಾಣುತ್ತಿದ್ದರು. ದಾಡಿ ಮಾಡುವವನಿಗೆ ಬೇಕಾದದ್ದು ಗದ್ದದ ಕೆಳಗಿನ ಬೆಳಕೇ. ಒಂದು ಸಂಜೆ ಕೈಬ್ಯಾಟರಿ ಹಿಡಿದು ತನ್ನ ಮುಖದ ಮೇಲೆ ಎಲ್ಲ ಕಡೆಯಿಂದ ಬಿಟ್ಟು ನೋಡಿದ. ಒಂದು ಬದಿಯಿಂದ ಬಿಟ್ಟರೆ ಅರ್ಧ ಮುಖ ಕತ್ತಲು, ಮೇಲಿಂದ ಬಿಟ್ಟರೆ ಮುದುಕ, ಕೆಳಗಿಂದ ಬಿಟ್ಟರೆ ದೆವ್ವ. ಎರಡೂ ಬದಿಯಿಂದ, ಮುಖದ ಮಟ್ಟದಲ್ಲಿ ಬಂದರೆ ಮಾತ್ರ ಭೀಮಸಿ ಭೀಮಸಿಯಂತೆ ಕಂಡ. ಕನ್ನಡಿಯ ಎಡಕ್ಕೊಂದು ಬಲಕ್ಕೊಂದು ಹಾಲುಬಲ್ಬು ಹಾಕಿಸಿದ. ಗಾಜು ಬೆಳ್ಳಗಿದ್ದು ಒಳಗಿನ ತಂತಿ ಕಾಣಿಸದ ಬಲ್ಬು, ಕಣ್ಣಿಗೆ ಚುಚ್ಚುವುದಿಲ್ಲ, ಬೆಳಕು ತುಸು ಹಳದಿ. ದೊಡ್ಡ ಬಲ್ಬು ಹಾಕಿದಾಗ ಗಿರಾಕಿ ಬೆವರಿದ್ದರಿಂದ ಸಣ್ಣದಕ್ಕೆ ಇಳಿಸಿದ. ಕಾಯುವ ಬಾಂಕಿನ ಮೇಲೆ ಬೆಳಕೇ ಇಡಲಿಲ್ಲ, ಕುರ್ಚಿಯ ಕಡೆಯಿಂದ ಸೋರಿದಷ್ಟೇ. ಕತ್ತಿ ಆಡುವ ಕಡೆ ಕಾಣಬೇಕು, ಕೂತವನಿಗೆ ಕಣ್ಣು ಮುಚ್ಚುವ ಮನಸ್ಸಾಗಬೇಕು. ಅದು ಅವನ ಹೊಸ ಲೆಕ್ಕ.

ಹಾಡಿನ ಪಾಠ ಕಲಿಸಿದ್ದು ಕರೆಂಟು. ಟೇಪು ಬಂದ್ ಮಾಡಿದ್ದವನು ಗಿರಾಕಿಗಳು ಕೇಳಿದರೆಂದು ಮತ್ತೆ ಹಚ್ಚಿದ್ದ. ಧೂಳಪ್ಪನ ತಲೆ ಮಾಡುತ್ತಿರುವಾಗ ಮಧ್ಯಾಹ್ನ ಕರೆಂಟು ಹೋಯಿತು, ಟೇಪು ನಿಂತಿತು. ಆ ಮೌನದಲ್ಲಿ ಕತ್ತರಿಯ ಕಚಕಚ ಕೇಳತೊಡಗಿತು. ಸ್ವಲ್ಪ ಹೊತ್ತಿಗೆ ಧೂಳಪ್ಪನ ತಲೆ ಅವನ ಅಂಗೈಗೆ ಭಾರವಾಯಿತು. ಬೆಳಗಿನಿಂದ ತಂಬಾಕಿನ ಮೂಟೆ ಹೊತ್ತ ಮನುಷ್ಯ ನಿದ್ದೆ ಹೋಗಿದ್ದ. ಭೀಮಸಿ ಕೈ ನಿಲ್ಲಿಸಿದರೆ ಎಚ್ಚರಾಗುತ್ತಿದ್ದ, ಆಡಿಸಿದರೆ ಮತ್ತೆ ಜಾರುತ್ತಿದ್ದ. ಸಲೂನಿನಲ್ಲಿ ಮೊದಲ ವಾದ್ಯ ಕತ್ತರಿ, ಉಳಿದದ್ದು ಅದರ ಹಿಂದೆ ಇರಬೇಕು ಎಂದು ಅವನಿಗೆ ಹೊಳೆಯಿತು. ಕತ್ತರಿಯ ಸದ್ದು ಮುಚ್ಚಿಹೋಗದಷ್ಟಕ್ಕೆ ಟೇಪಿನ ಗುಂಡಿ ತಿರುಗಿಸಿ, ಆ ಜಾಗದಲ್ಲಿ ಬಣ್ಣದ ಗೀಟು ಎಳೆದ.

ಇನ್ನು ಯಾವ ಹಾಡು? ಮರಾಠಿಯಾದರೆ ಇವರು ಏಳುತ್ತಾರೆ, ಕನ್ನಡವಾದರೆ ಅವರು. ಒಂದು ದೇವರ ಭಜನೆಗೆ ಇನ್ನೊಂದು ದೇವರ ಭಕ್ತನ ಮುಖ ಗಂಟಾಗುತ್ತದೆ. ಸನಾದಿ ಹಚ್ಚಿದರೆ ಯಾರ ಮದುವಿ ಐತಿ ಎಂದು ನಗುತ್ತಾರೆ. ಕಡೆಗೆ ಮಾತೇ ಇಲ್ಲದ, ಬರಿ ಕೊಳಲಿನ ಕ್ಯಾಸೆಟ್ ತಂದ. ಅದರಲ್ಲೂ ಒಂದು ಬದಿಯ ಕೊನೆಗೆ ತಬಲಾ ಓಡತೊಡಗುತ್ತಿತ್ತು, ಜೊತೆಗೆ ಅವನ ಕೈಯೂ ಓಡುತ್ತಿತ್ತು. ಅಲ್ಲಿಗೆ ಬಂದ ಕೂಡಲೆ ತಿರುವಿ ಹಾಕುವುದನ್ನು ರೂಢಿ ಮಾಡಿಕೊಂಡ. ಕಂಡಕ್ಟರ್ ಬಂದು ಒಂದು ದಾಡಿ ಮುಗಿಯುವವರೆಗೆ ಕೇಳಿ, ಇದು ಯಾವ ಭಾಷೆ ಎಂದು ಕೇಳಿದ.

"ಬಿದಿರಿಂದರಿ," ಅಂದ ಭೀಮಸಿ. "ನಮ್ಮ ಭೋಜದಾಗೂ ಬೆಳೀತೈತಿ, ಕೊಲ್ಲಾಪುರದಾಗೂ ಬೆಳೀತೈತಿ."

ಗಿರಾಕಿಗಳು ಒಮ್ಮೆಲೇ ಮುಗಿಬೀಳಲಿಲ್ಲ. ಅಣ್ಣಾಸಾಬನ ಕನ್ನಡಿ ಅಲ್ಲೇ ಇತ್ತು, ಕಾಲೇಜಿನ ಹುಡುಗರು ಅಲ್ಲಿಯೇ ಹೋಗುತ್ತಿದ್ದರು. ಆದರೆ ಬಂದವರು ಮತ್ತೆ ಬರತೊಡಗಿದರು. ಕಾಕಾಸಾಹೇಬರು ವಾರದ ದಾಡಿಗೆ ಬಂದರು, ಬಾಗಿಲಲ್ಲಿ ಒಮ್ಮೆ ಮೂಸಿಯೇ ಒಳಗೆ ಕಾಲಿಡುತ್ತಿದ್ದರು. ಗಡ್ಡ ಬೆಳೆಯುವ ಮುಂಚೆಯೇ ಕೆಲವರು ಬಂದು ಬಾಂಕಿನ ಮೇಲೆ ಕೂರುತ್ತಿದ್ದರು. ಭಾವುಸಾಹೇಬರು ಬರಲಿಲ್ಲ. ಟವೆಲ್ಲನ್ನು ಮಾತ್ರ ಇಸ್ತ್ರಿ ಮಾಡಿಸಿ ಕಳಿಸಿದರು.

ದೀಪಾವಳಿಗೆ ಮುಂಚಿನ ವಾರ ದುರಗಪ್ಪ ಬಂದ. ಪೆಟ್ಟಿಗೆ ಹೊರಲು ಖಾಲಿ ಚೀಲ ತಂದಿದ್ದ. ಕುರ್ಚಿಯಲ್ಲಿ ಧೂಳಪ್ಪ ಕಣ್ಣು ಮುಚ್ಚಿ ಕೂತಿದ್ದ, ಬಾಂಕಿನ ಮೇಲೆ ಇಬ್ಬರು ಅರೆನಿದ್ದೆಯಲ್ಲಿದ್ದರು. ಭೀಮಸಿ ಅಣ್ಣನಿಗೆ ಕಣ್ಣಲ್ಲೇ ಬಾಂಕು ತೋರಿಸಿದ. ಮಾತಾಡಿದರೆ ಎಲ್ಲರಿಗೂ ಎಚ್ಚರಾಗುತ್ತದೆಂದು ದುರಗಪ್ಪನಿಗೂ ಅನಿಸಿರಬೇಕು, ಕೂತ. ತೇವದ ಬೇರಿನ ಗಾಳಿ ಬಂತು. ಕೊಳಲು ನಡೆದಿತ್ತು. ಕತ್ತರಿ ನಡೆದಿತ್ತು. ದುರಗಪ್ಪ ಮೊಣಕಾಲುಗಳನ್ನು ಮುಂದಕ್ಕೆ ಚಾಚಿ ಗೋಡೆಗೆ ಒರಗಿದ.

ಪಾಳಿ ಮುಗಿದು ಅಂಗಡಿ ಖಾಲಿಯಾದಾಗ ಭೀಮಸಿ ಕುರ್ಚಿ ಒರೆಸಿ, ಒಗೆದ ಬಟ್ಟೆ ಝಾಡಿಸಿ ಹಿಡಿದ.

"ಬಾ ಅಣ್ಣಾ. ಕುಂಡ್ರು."

ದುರಗಪ್ಪ ಕುರ್ಚಿಯನ್ನು ನೋಡಿದ. ಅವನಿಗೆ ಯಾವತ್ತೂ ಕುರ್ಚಿಯಲ್ಲಿ ಕೂರಿಸಿ ಯಾರೂ ದಾಡಿ ಮಾಡಿರಲಿಲ್ಲ. ಆ ಕುರ್ಚಿಯಿಂದ ಈಗಷ್ಟೇ ಎದ್ದು ಹೋದವನು ಯಾರೆಂಬುದೂ ಅವನಿಗೆ ಗೊತ್ತಿತ್ತು. ಭೋಜದಲ್ಲಿ ಧೂಳಪ್ಪ ಕೂತ ಕಲ್ಲಿನ ಮೇಲೆ ಅವನು ಕೂರುತ್ತಿರಲಿಲ್ಲ.

"ಅವ ಕುಂತಾನಲ್ಲೋ ಇಲ್ಲಿ," ಅಂದ ಮೆಲ್ಲಗೆ.

"ಹೂಂ. ಚಲೋ ನಿದ್ದಿ ಮಾಡಿದ," ಅಂದ ಭೀಮಸಿ. "ನಿನಗೂ ನಿದ್ದಿ ಕಡಿಮಿ ಐತಿ."

ದುರಗಪ್ಪ ಬಾಗಿಲು ನೋಡಿದ, ತಮ್ಮನ ಕೈಯಲ್ಲಿದ್ದ ಬಟ್ಟೆ ನೋಡಿದ. ಮೊಣಕಾಲು ಹಿಡಿದುಕೊಂಡು ಎದ್ದ, ಕುರ್ಚಿಯ ತುದಿಗೆ ಕುಂಡಿ ಊರಿದ, ಆಮೇಲೆ ನಿಧಾನ ಹಿಂದಕ್ಕೆ ಸರಿದು ಒರಗಿದ. ಎರಡು ಹಾಲುಬಲ್ಬುಗಳ ನಡುವೆ ಅವನ ಮುಖ ಕನ್ನಡಿಯಲ್ಲಿ ಬಂತು. ಊರಿನ ಗಂಡಸರಿಗೆಲ್ಲ ಕನ್ನಡಿ ಹಿಡಿದ ಮನುಷ್ಯ ತನ್ನ ಮುಖವನ್ನು ಎಂದೂ ಅಷ್ಟು ಹೊತ್ತು ನೋಡಿಕೊಂಡಿರಲಿಲ್ಲ. ನೊರೆ ಹಚ್ಚುವಾಗ ಕಣ್ಣು ತೆರೆದೇ ಇದ್ದವನು, ಎರಡನೆಯ ಗಲ್ಲಕ್ಕೆ ಕತ್ತಿ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಭೀಮಸಿ ಪಟಿಕದ ಹರಳು ಸವರಿ, ಮುಖ ಒರೆಸಿ, ಅವನನ್ನು ಎಬ್ಬಿಸದೆ ಬಾಗಿಲಲ್ಲಿ ನಿಂತು ಒಂದು ಚಿಟಿಕೆ ತಪಕೀರು ಏರಿಸಿದ.

ಎಚ್ಚರಾದ ಮೇಲೆ ದುರಗಪ್ಪ ಚಾವಿಯ ಮಾತೆತ್ತಲಿಲ್ಲ. ಗಲ್ಲ ಸವರಿಕೊಂಡು, ಕಿವಿಯ ಹತ್ತಿರ ಒಂದು ಕೂದಲು ಉಳಿದಿದೆ ಎಂದು ಕೆಲಸದ ತಪ್ಪು ಹಿಡಿದ. ಭೀಮಸಿ ಅದನ್ನೂ ತೆಗೆದ. ಖಾಲಿ ಚೀಲದಲ್ಲಿ ಸಂತೆಯ ಉಳ್ಳಾಗಡ್ಡಿ ತುಂಬಿಕೊಂಡು ದುರಗಪ್ಪ ಭೋಜದ ಬಸ್ಸು ಹತ್ತಿದ.

ಹಬ್ಬ ಮುಗಿದ ಮೇಲೆ ಅವನು ಮತ್ತೆ ಬಂದ. ನಿಪ್ಪಾಣಿಯಲ್ಲಿ ಬೇರೆ ಏನೋ ಕೆಲಸವಿತ್ತು ಎಂದ. ಬಾಂಕಿನ ಮೇಲೆ ಧೂಳಪ್ಪನಿಗೂ ಕಾಕಾಸಾಹೇಬರಿಗೂ ನಡುವೆ ಜಾಗವಿತ್ತು. ಊರಿಡೀ ಬೋಳಿಸುವ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ದುರಗಪ್ಪ ಪಾಳಿಗೆ ಕೂತ. ತಬಲಾ ಓಡಲು ಶುರುವಾಯಿತು. ಭೀಮಸಿ ಕೈ ಒರೆಸಿಕೊಂಡು ಕ್ಯಾಸೆಟ್ ತಿರುವಿ ಹಾಕಿದ.